ಗ್ರೂಪಿಂಗ್ ಸ್ಲೈಡಿನ ಫೋಟೋ: ಸಣ್ಣ ಕಣ ಕಂಡಾಗ ನಾನು ಹೇಗೆ ಓದುತ್ತೇನೆ

ಬ್ಲಡ್ ಗ್ರೂಪಿಂಗ್ ಸ್ಲೈಡಿನ ಫೋಟೋ ಬಂದಾಗ ನಾನು ಮೊದಲು ನೋಡುವುದು ಕ್ಲಂಪುಗಳ ನಡುವಿನ ದ್ರವವನ್ನು. ಅಗ್ಲುಟಿನೇಷನ್ ಗಟ್ಟಿಯಾಗಿದ್ದರೆ ಕೆಂಪು ರಕ್ತಕೋಶಗಳೆಲ್ಲ ಒಂದೆಡೆ ಸೇರಿ, ಆ್ಯಂಟಿ-ಎ ವೃತ್ತದಲ್ಲಿ ನೀಲಿ, ಆ್ಯಂಟಿ-ಬಿ ವೃತ್ತದಲ್ಲಿ ಹಳದಿ ದ್ರವ ತಿಳಿಯಾಗಿ ಕಾಣುತ್ತದೆ. ಕ್ಲಂಪ್ ಇದ್ದೂ ನಡುವಿನ ದ್ರವ ಕೆಂಪಾಗಿಯೇ ಉಳಿದಿದ್ದರೆ, ಅದು ದುರ್ಬಲ ಪ್ರತಿಕ್ರಿಯೆ ಅಥವಾ ಮಾಡಿದ ಕ್ರಮದಲ್ಲಿನ ದೋಷ.

ಒಂದು ಮಾದರಿ ನೋಡಿ. ಎ ವೃತ್ತದಲ್ಲಿ ದಪ್ಪ ಕ್ಲಂಪ್, ಡಿ ವೃತ್ತದಲ್ಲೂ ಹಾಗೆಯೇ. ಬಿ ವೃತ್ತದಲ್ಲಿ ಮಾತ್ರ ರವೆಯಂಥ ಸಣ್ಣ ಕಣ. ಇದು ಎ ಪಾಸಿಟಿವೋ, ಎಬಿ ಪಾಸಿಟಿವೋ?

ಆ ಕಣ ಎಲ್ಲಿದೆ ಎಂಬುದು ಮುಖ್ಯ. ಅಂಚಿನ ಸುತ್ತ ಮಾತ್ರ ಇದ್ದು ನಡುವೆ ರಕ್ತ ಒಂದೇ ಸಮನಾಗಿದ್ದರೆ, ಒಣಗಿದ್ದೇ ಕಾರಣವಿರಬೇಕು. ಸ್ಲೈಡನ್ನು ಎರಡು ನಿಮಿಷದೊಳಗೆ, ಒಣಗುವ ಮೊದಲೇ ಓದಬೇಕು. ಫ್ಯಾನಿನ ಕೆಳಗೆ ಅಂಚು ಇನ್ನೂ ಬೇಗ ಒಣಗುತ್ತದೆ. ಕಣ ಒಂದು ಬದಿಯಿಂದ ಗೆರೆಯಂತೆ ಒಳಕ್ಕೆ ಹರಡಿದ್ದರೆ, ಎ ವೃತ್ತ ಕಲಸಿದ ಕಡ್ಡಿಯನ್ನೇ ಬಿ ವೃತ್ತಕ್ಕೂ ಹಾಕಿರಬಹುದೆಂದು ಶಂಕಿಸುತ್ತೇನೆ. ಕಡ್ಡಿಗೆ ಅಂಟಿ ಬಂದ ಆ್ಯಂಟಿ-ಎ ಅಲ್ಲೂ ಕ್ಲಂಪ್ ಮಾಡುತ್ತದೆ. ವೃತ್ತದ ತುಂಬ ಸಮನಾಗಿ ಹರಡಿದ್ದರೆ ಮಾತ್ರ ದುರ್ಬಲ ಬಿ ಆ್ಯಂಟಿಜೆನ್ ಕಡೆಗೆ ಗಮನ ಕೊಡುತ್ತೇನೆ. ರಕ್ತದ ಹನಿ ಅತಿ ದೊಡ್ಡದಾಗಿದ್ದರೂ ಆ್ಯಂಟಿಸೀರಂ ಸಾಲದೆ ಪ್ರತಿಕ್ರಿಯೆ ಹೀಗೆ ಮಂಕಾಗುತ್ತದೆ. ಹಾಗಾಗಿ ಕಿಟ್‌ನ ಚೀಟಿಯಲ್ಲಿರುವ ಅಳತೆ ಮೀರಬಾರದು.

ಯಾವುದೇ ಊಹೆಯಾದರೂ ಫೋಟೋ ಮೇಲೆ ಗ್ರೂಪ್ ಬರೆಯುವುದಿಲ್ಲ. ಹೊಸ ಸ್ಲೈಡ್, ಪ್ರತಿ ವೃತ್ತಕ್ಕೂ ಬೇರೆ ಕಡ್ಡಿ, ಪಕ್ಕದಲ್ಲಿ ಆ್ಯಂಟಿಸೀರಂ ಬದಲು ಸಲೈನ್ ಹಾಕಿದ ಕಂಟ್ರೋಲ್ ವೃತ್ತ. ಕಂಟ್ರೋಲ್‌ನಲ್ಲೂ ಕಣ ಕಂಡರೆ ಆ ಸ್ಲೈಡಿನ ಯಾವ ವೃತ್ತವನ್ನೂ ನಂಬುವಂತಿಲ್ಲ: ಕೋಶಗಳು ನಾಣ್ಯದ ಕಂತೆಯಂತೆ ಅಂಟಿಕೊಳ್ಳುವ ರೂಲೋ, ಅಥವಾ ತಣ್ಣಗಿದ್ದಾಗ ಕೋಶಗಳನ್ನು ಕ್ಲಂಪ್ ಮಾಡುವ ಕೋಲ್ಡ್ ಆ್ಯಂಟಿಬಾಡಿ ಇರಬಹುದು. ಆಗ ಕೋಶಗಳನ್ನು ಸಲೈನ್‌ನಲ್ಲಿ, ಕೋಲ್ಡ್ ಆ್ಯಂಟಿಬಾಡಿ ಶಂಕೆಯಿದ್ದರೆ ಬೆಚ್ಚನೆಯ ಸಲೈನ್‌ನಲ್ಲಿ, ತೊಳೆದು ಮತ್ತೆ ಮಾಡುತ್ತೇನೆ.

ಕಂಟ್ರೋಲ್ ಶುದ್ಧವಾಗಿದ್ದೂ ಬಿ ವೃತ್ತದಲ್ಲಿ ಕಣ ಉಳಿದರೆ ಟ್ಯೂಬಿನಲ್ಲಿ ರಿವರ್ಸ್ ಗ್ರೂಪಿಂಗ್, ಅಂದರೆ ರೋಗಿಯ ಸೀರಂ ಅನ್ನು ಗ್ರೂಪ್ ಗೊತ್ತಿರುವ ಕೋಶಗಳೊಡನೆ ಬೆರೆಸಿ ನೋಡುವುದು. ಎ ಗ್ರೂಪಿನವರ ಸೀರಂ ಬಿ ಕೋಶಗಳನ್ನು ಕ್ಲಂಪ್ ಮಾಡುತ್ತದೆ. ಎಬಿ ಗ್ರೂಪಿನವರದು ಸಾಮಾನ್ಯವಾಗಿ ಮಾಡುವುದಿಲ್ಲ. ನವಜಾತ ಶಿಶುವಿನಲ್ಲಿ ಈ ದಾರಿ ಇಲ್ಲ, ಅದರದೇ ಆ್ಯಂಟಿಬಾಡಿ ಇನ್ನೂ ಹುಟ್ಟಿರುವುದಿಲ್ಲ. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಎರಡು ಬಗೆಯ ಕೋಶ ಬೆರೆತಿರುತ್ತವೆ, ಆಗಲೂ ಕೆಂಪು ಹಿನ್ನೆಲೆಯಲ್ಲಿ ಬಿಡಿ ಕ್ಲಂಪ್ ಕಾಣುತ್ತದೆ. ಅದಕ್ಕೇ ರೋಗಿಯ ಟ್ರಾನ್ಸ್‌ಫ್ಯೂಷನ್ ವಿವರ ಕೇಳದೆ ಮುಂದುವರಿಯಬೇಡಿ.

ಡಿ ವೃತ್ತದಲ್ಲಿ ಹೀಗೆ ಸಣ್ಣ ಕಣ ಕಂಡರೆ ಟ್ಯೂಬಿಗೆ, ಅಗತ್ಯವಿದ್ದರೆ ಆ್ಯಂಟಿಗ್ಲಾಬ್ಯುಲಿನ್ ಪರೀಕ್ಷೆಗೆ ಕಳಿಸುತ್ತೇನೆ. ವೀಕ್ ಡಿ, ಅಂದರೆ ದುರ್ಬಲ ಡಿ ಆ್ಯಂಟಿಜೆನ್, ಸ್ಲೈಡಿನಲ್ಲಿ ಏನೂ ತೋರಿಸದೆಯೂ ಇರಬಹುದು.

ಫೋಟೋ ಕಳಿಸುವವರಿಗೆ ನನ್ನ ಬೇಡಿಕೆ: ಬಿಳಿ ಹಾಳೆಯ ಮೇಲೆ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ ತೆಗೆಯಿರಿ. ಜೊತೆಗೆ ಸ್ಲೈಡ್ ಓಲಾಡಿಸುವ ಹತ್ತು ಸೆಕೆಂಡಿನ ವಿಡಿಯೋ ಇರಲಿ. ನಿಜವಾದ ಕ್ಲಂಪ್ ದ್ರವದೊಡನೆ ಜಾರುತ್ತದೆ; ಒಣಗಿದ ಕಣ ಇದ್ದಲ್ಲೇ ಅಂಟಿಕೊಂಡಿರುತ್ತದೆ.