ತಪ್ಪು ಉತ್ತರಗಳನ್ನು ಬರೆಯುವುದೇ ಎಂಸಿಕ್ಯೂನ ನಿಜವಾದ ಕೆಲಸ

ಎರಡನೇ ವರ್ಷದ ಎಂಬಿಬಿಎಸ್ ಮಕ್ಕಳಿಗೆ ನಾನು ಪ್ಯಾಥಾಲಜಿ ಕಲಿಸುತ್ತೇನೆ. ಇಂಟರ್ನಲ್ಸ್‌ಗೆ ಎಂಸಿಕ್ಯೂ ಬರೆಯಲು ಕೂತಾಗ ಪ್ರಶ್ನೆ ಬೇಗ ಹೊಳೆಯುತ್ತದೆ, ಸರಿ ಉತ್ತರವೂ ಕೈಯಲ್ಲೇ ಇರುತ್ತದೆ. ಸಮಯ ತಿನ್ನುವುದು ಉಳಿದ ಮೂರು ಆಯ್ಕೆಗಳು. ಓದದವನಿಗೆ ಅವು ಸರಿ ಅನ್ನಿಸಬೇಕು, ಓದಿದವನಿಗೆ ತಪ್ಪೆಂದು ಗೊತ್ತಾಗಬೇಕು. ಇಂಥ ತಪ್ಪು ಆಯ್ಕೆಯನ್ನೇ ನಾವು ಡಿಸ್ಟ್ರ್ಯಾಕ್ಟರ್ ಅನ್ನುವುದು.

ಡಿಸ್ಟ್ರ್ಯಾಕ್ಟರ್‌ಗಳನ್ನು ನಾನು ಸುಮ್ನೆ ಕೂತು ಊಹಿಸುವುದಿಲ್ಲ. ಟ್ಯುಟೋರಿಯಲ್‌ನಲ್ಲಿ ಅದೇ ಕೇಸನ್ನು ಆಯ್ಕೆಗಳಿಲ್ಲದೆ ಕೊಟ್ಟು, ಒಂದು ಸಾಲಿನಲ್ಲಿ ಉತ್ತರ ಬರೆಸುತ್ತೇನೆ. ಚೀಟಿಗಳನ್ನು ಒಟ್ಟುಮಾಡಿ ತಪ್ಪುಗಳನ್ನು ಎಣಿಸುತ್ತೇನೆ. ಹೆಚ್ಚು ಮಂದಿ ಬರೆದ ತಪ್ಪೇ ಒಳ್ಳೆಯ ಡಿಸ್ಟ್ರ್ಯಾಕ್ಟರ್. ಅದು ಮಕ್ಕಳ ತಲೆಯಿಂದಲೇ ಬಂದದ್ದು ಅಲ್ವಾ?

ಒಂದು ಪ್ರಶ್ನೆಯನ್ನು ಪೂರ್ತಿ ಹೇಳುತ್ತೇನೆ. 45 ವರ್ಷದ ಮಹಿಳೆ. ಹಲವು ವರ್ಷಗಳಿಂದ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಈಗ ಸುಸ್ತು. ಎಲ್ಲೂ ರಕ್ತಸ್ರಾವ ಇಲ್ಲ. ಹಿಮೋಗ್ಲೋಬಿನ್ 9.2, ಕೆಂಪು ರಕ್ತಕಣದ ಗಾತ್ರ ಹೇಳುವ ಎಂಸಿವಿ 76, ಸೀರಮ್ ಐರನ್ ಕಡಿಮೆ, ಕಬ್ಬಿಣ ಹೊರಲು ರಕ್ತಕ್ಕಿರುವ ಸಾಮರ್ಥ್ಯ ಹೇಳುವ ಟಿಐಬಿಸಿಯೂ ಕಡಿಮೆ, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ 280. ಯಾವ ಅನೀಮಿಯ? ಉತ್ತರ, ದೀರ್ಘಕಾಲದ ಕಾಯಿಲೆಯಿಂದ ಬಂದ ಅನೀಮಿಯ. ಉರಿಯೂತ ಇರುವಾಗ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಕಬ್ಬಿಣ ದೇಹದ ಸಂಗ್ರಹದಲ್ಲೇ ಸಿಕ್ಕಿಕೊಳ್ಳುತ್ತದೆ, ರಕ್ತಕ್ಕೆ ಬರುವುದಿಲ್ಲ.

ಚೀಟಿಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಬಂದ ತಪ್ಪು ಕಬ್ಬಿಣದ ಕೊರತೆ. ಸೀರಮ್ ಐರನ್ ಕಡಿಮೆ ಎಂದು ಓದಿದ ಕೂಡಲೇ ಮಕ್ಕಳು ಅಲ್ಲೇ ನಿಂತುಬಿಟ್ಟಿದ್ದರು. ಟಿಐಬಿಸಿಯತ್ತ ಕಣ್ಣು ಹಾಯಿಸಿರಲಿಲ್ಲ. ನಿಜವಾದ ಕೊರತೆಯಲ್ಲಿ ಟಿಐಬಿಸಿ ಏರುತ್ತದೆ, ಫೆರಿಟಿನ್ ಇಳಿಯುತ್ತದೆ. ಎರಡನೆಯದು ಬೀಟಾ ಥಲಸೀಮಿಯ ಟ್ರೇಟ್. ಎಂಸಿವಿ ಕಡಿಮೆ ಇರುವುದೇ ಅದರ ಸೆಳೆತ. ಮೂರನೆಯದಾಗಿ ಸೈಡಿರೋಬ್ಲಾಸ್ಟಿಕ್ ಅನೀಮಿಯ ಹಾಕಿದೆ, ಏಕೆಂದರೆ ಅದರಲ್ಲೂ ಫೆರಿಟಿನ್ ಏರುತ್ತದೆ. ಹೀಗೆ ಒಂದೊಂದು ತಪ್ಪು ಆಯ್ಕೆಯೂ ರಿಪೋರ್ಟಿನ ಒಂದು ಅಂಶಕ್ಕೆ ಹೊಂದುತ್ತದೆ. ಎಲ್ಲಾ ಅಂಶಗಳಿಗೂ ಹೊಂದುವುದು ಸರಿ ಉತ್ತರ ಮಾತ್ರ. ನಾನು ಡಿಸ್ಟ್ರ್ಯಾಕ್ಟರ್ ಅಳೆಯುವುದು ಇದೊಂದೇ ಮಾನದಂಡದಿಂದ. ಇವುಗಳಲ್ಲಿ ಒಂದರ ಬದಲು ಲ್ಯುಕೀಮಿಯ ಹಾಕಿದ್ದರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಆಮೇಲೆ ಆಯ್ಕೆಗಳ ಮೇಲೆ ಕೈ ಮುಚ್ಚಿ ಪ್ರಶ್ನೆಯನ್ನಷ್ಟೇ ಓದುತ್ತೇನೆ. ಆಗಲೂ ಉತ್ತರ ಹೇಳಲು ಬರಬೇಕು. ಬರದಿದ್ದರೆ ಕೇಸಿನಲ್ಲಿ ಏನೋ ಬಿಟ್ಟುಹೋಗಿದೆ. ಸರಿ ಉತ್ತರವೇ ಎಲ್ಲಕ್ಕಿಂತ ಉದ್ದವಾಗಿದ್ದರೆ ಕತ್ತರಿಸುತ್ತೇನೆ. ಪಾಠ ಓದದೆಯೇ ಅದನ್ನು ಹಿಡಿಯುವ ಮಕ್ಕಳಿದ್ದಾರೆ. ‘ಮೇಲಿನ ಎಲ್ಲವೂ’ ಎಂಬ ಆಯ್ಕೆಯನ್ನು ಬಳಸುವುದೇ ಇಲ್ಲ. ಎರಡು ಸರಿ ಎಂದು ಗೊತ್ತಾದರೆ ಸಾಕು, ಮೂರನೆಯದನ್ನು ಓದದೆ ಟಿಕ್ ಹಾಕಬಹುದು.

ಪರೀಕ್ಷೆ ಮುಗಿದ ಮೇಲಿನ ಲೆಕ್ಕಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. 150 ಮಕ್ಕಳ ಬ್ಯಾಚ್ ಅಂದುಕೊಳ್ಳಿ. ಓಎಂಆರ್ ಉತ್ತರಗಳನ್ನು ಎಕ್ಸೆಲ್‌ಗೆ ಹಾಕಿ, ಒಟ್ಟು ಅಂಕದ ಪ್ರಕಾರ ಮೇಲಿನಿಂದ ಕೆಳಕ್ಕೆ ಜೋಡಿಸುತ್ತೇನೆ. ಮೇಲಿನ 50 ಒಂದು ಗುಂಪು, ಕೆಳಗಿನ 50 ಇನ್ನೊಂದು. ನಡುವಿನವರನ್ನು ಬಿಡುತ್ತೇನೆ. ಕೆಲವರು ಮೇಲಿನ ಮತ್ತು ಕೆಳಗಿನ ಶೇಕಡ 27 ತೆಗೆದುಕೊಳ್ಳುತ್ತಾರೆ, ಅದೂ ಸರಿಯೇ. ನಮ್ಮ ಪ್ರಶ್ನೆಯ ಉತ್ತರಗಳು D ಕಾಲಮ್ಮಿನಲ್ಲಿವೆ, ಸರಿ ಉತ್ತರ C ಎಂದಿಟ್ಟುಕೊಂಡರೆ ಸೂತ್ರ ಇಷ್ಟೇ:

```
=(COUNTIF(D2:D51,"C")+COUNTIF(D102:D151,"C"))/100
=(COUNTIF(D2:D51,"C")-COUNTIF(D102:D151,"C"))/50
```

ಮೊದಲನೆಯದು ಡಿಫಿಕಲ್ಟಿ ಇಂಡೆಕ್ಸ್. ಇದು ಜಾಸ್ತಿ ಬಂದಷ್ಟೂ ಪ್ರಶ್ನೆ ಸುಲಭ, ಹೆಸರು ನೋಡಿ ಉಲ್ಟಾ ಅಂದುಕೊಳ್ಳಬೇಡಿ. 0.3ರಿಂದ 0.7ರ ಒಳಗಿದ್ದರೆ ಸಾಮಾನ್ಯವಾಗಿ ಒಪ್ಪುತ್ತೇವೆ. ನಾಲ್ಕು ಆಯ್ಕೆ ಇದ್ದಾಗ ಕಣ್ಣುಮುಚ್ಚಿ ಟಿಕ್ ಹಾಕಿದರೂ 0.25 ಬರುತ್ತದೆ, ಆದ್ದರಿಂದ ಅದರ ಹತ್ತಿರ ಇದ್ದರೆ ಇಡೀ ತರಗತಿ ಊಹಿಸಿರಬಹುದು. ಎರಡನೆಯದು ಡಿಸ್ಕ್ರಿಮಿನೇಷನ್ ಇಂಡೆಕ್ಸ್, ಓದಿದವರನ್ನೂ ಓದದವರನ್ನೂ ಪ್ರಶ್ನೆ ಎಷ್ಟು ಬೇರೆ ಮಾಡಿತು ಎಂಬ ಲೆಕ್ಕ. 0.2ಕ್ಕಿಂತ ಕಡಿಮೆ ಇದ್ದರೆ ಪ್ರಶ್ನೆಯನ್ನು ಮತ್ತೆ ನೋಡುತ್ತೇನೆ.

ಅನೀಮಿಯ ಪ್ರಶ್ನೆಗೆ ಮೇಲಿನ ಗುಂಪಿನಲ್ಲಿ 38 ಮಂದಿ, ಕೆಳಗಿನದರಲ್ಲಿ 14 ಮಂದಿ ಸರಿ ಹೇಳಿದ್ದರು. (ಲೆಕ್ಕ ಹಿಡಿಯಲು ಸುಲಭವಾಗಲಿ ಎಂದು ಅಂಕಿಗಳನ್ನು ತುಸು ದುಂಡಗೆ ಮಾಡಿದ್ದೇನೆ.) ಡಿಫಿಕಲ್ಟಿ 0.52, ಡಿಸ್ಕ್ರಿಮಿನೇಷನ್ 0.48. ಚೆನ್ನಾಗಿದೆ. ಕಬ್ಬಿಣದ ಕೊರತೆಗೆ ಮೇಲಿನ 9, ಕೆಳಗಿನ 24. ಥಲಸೀಮಿಯಕ್ಕೆ 3 ಮತ್ತು 9. ಸೈಡಿರೋಬ್ಲಾಸ್ಟಿಕ್‌ಗೆ ಮಾತ್ರ 0 ಮತ್ತು 3. ನೂರರಲ್ಲಿ ಐದು ಮಂದಿಯೂ ಆರಿಸದ ಆಯ್ಕೆ ಕೆಲಸಕ್ಕೆ ಬಾರದ್ದು ಎಂದು ಲೆಕ್ಕ. ಅದನ್ನು ಕಿತ್ತು ಮೂರೇ ಆಯ್ಕೆ ಇಟ್ಟರೂ ಪ್ರಶ್ನೆ ಕೆಡುವುದಿಲ್ಲ. ಆದರೆ ನಮ್ಮ ಪ್ಯಾಟರ್ನ್‌ಗೆ ನಾಲ್ಕು ಬೇಕು. ಹಾಗಾಗಿ ಮುಂದಿನ ಬ್ಯಾಚಿಗೆ ‘ದೀರ್ಘಕಾಲದ ಕಾಯಿಲೆ ಮತ್ತು ಕಬ್ಬಿಣದ ಕೊರತೆ ಎರಡೂ’ ಎಂದು ಬದಲಾಯಿಸಿದೆ. ಇಲ್ಲಿ ಎಚ್ಚರ ಬೇಕು. ಫೆರಿಟಿನ್ 60 ಇದ್ದಿದ್ದರೆ ಇದೇ ಸರಿ ಉತ್ತರವಾಗಬಹುದಿತ್ತು. 280 ಇದ್ದು ಟಿಐಬಿಸಿ ಕಡಿಮೆ ಇರುವುದರಿಂದ ತಕರಾರಿಗೆ ಜಾಗವಿಲ್ಲ. ಆದರೂ ಮೆಡಿಸಿನ್ ವಿಭಾಗದ ಮೇಡಂ ಒಬ್ಬರಿಗೆ ತೋರಿಸಿ, ಅವರು ಒಪ್ಪಿದ ಮೇಲೇ ಹಾಕಿದೆ.

ಡಿಫಿಕಲ್ಟಿಯೊಂದನ್ನೇ ನೋಡಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ವಿಭಾಗದ ಹಳೇ ಪ್ರಶ್ನೆಬ್ಯಾಂಕಿನ ಒಂದು ಪ್ರಶ್ನೆ ಸಾಕು. ‘ದೇಹದ ಕಬ್ಬಿಣದ ಸಂಗ್ರಹ ತಿಳಿಯಲು ಬೆಸ್ಟ್ ಪರೀಕ್ಷೆ ಯಾವುದು?’ ಕೀ ಪ್ರಕಾರ ಉತ್ತರ ಸೀರಮ್ ಫೆರಿಟಿನ್. ಡಿಫಿಕಲ್ಟಿ 0.43 ಬಂತು, ನೋಡಲು ಒಳ್ಳೆಯ ಪ್ರಶ್ನೆ. ಆದರೆ ಫೆರಿಟಿನ್ ಆರಿಸಿದವರು ಮೇಲಿನ ಗುಂಪಿನಲ್ಲಿ 17, ಕೆಳಗಿನದರಲ್ಲಿ 26. ಡಿಸ್ಕ್ರಿಮಿನೇಷನ್ ಮೈನಸ್ 0.18! ಮೇಲಿನ ಗುಂಪಿನ 31 ಮಂದಿ ಬೋನ್ ಮ್ಯಾರೋ ಐರನ್ ಸ್ಟೇನ್‌ಗೆ ಟಿಕ್ ಹಾಕಿದ್ದರು. ಒಬ್ಬ ಹುಡುಗಿಯನ್ನು ಕರೆದು ಕೇಳಿದೆ. "ಸರ್, ಬೆಸ್ಟ್ ಅಂದ್ರೆ ಗೋಲ್ಡ್ ಸ್ಟ್ಯಾಂಡರ್ಡ್ ತಾನೇ?" ಅಂದಳು. ಅವಳ ಮಾತು ನ್ಯಾಯವಾಗಿತ್ತು. ಎರಡು ಉತ್ತರಕ್ಕೂ ಅಂಕ ಕೊಟ್ಟು ಪೇಪರನ್ನು ಮತ್ತೆ ಲೆಕ್ಕ ಹಾಕಿದೆವು. ಪ್ರಶ್ನೆಯನ್ನು ‘ಓಪಿಡಿಯಲ್ಲಿ ಮೊದಲು ಬರೆಯಬೇಕಾದ ರಕ್ತಪರೀಕ್ಷೆ ಯಾವುದು’ ಎಂದು ತಿದ್ದಿದೆವು.

ಈ ಲೆಕ್ಕಕ್ಕೂ ಮಿತಿ ಇದೆ. ಹತ್ತು ಮಂದಿ ಪಿಜಿಗಳ ಪರೀಕ್ಷೆಯಲ್ಲಿ ಒಬ್ಬರು ಆಚೀಚೆ ಆದರೂ ಸಂಖ್ಯೆ ತಲೆಕೆಳಗಾಗುತ್ತದೆ, ಅಲ್ಲಿ ನಾನು ಇದನ್ನು ಮಾಡುವುದೇ ಇಲ್ಲ. ಹಿಂದಿನ ವಾರವಷ್ಟೇ ಪಾಠ ಮಾಡಿದ್ದರೆ ಅದೇ ಪ್ರಶ್ನೆ ಸುಲಭವಾಗಿ ಕಾಣುತ್ತದೆ. ಅನಾಫಿಲಾಕ್ಸಿಸ್‌ಗೆ ಮೊದಲ ಔಷಧಿ ಅಡ್ರಿನಲಿನ್ ಎನ್ನುವಂಥ ಪ್ರಶ್ನೆಗೆ 0.95 ಬಂದರೂ ಅದನ್ನು ತೆಗೆಯುವುದಿಲ್ಲ. ಅದು ಎಲ್ಲರಿಗೂ ಗೊತ್ತಿರಲೇಬೇಕು. ಆದ್ದರಿಂದ ಪ್ರತಿ ಪ್ರಶ್ನೆಗೂ ಒಂದು ಕಾರ್ಡ್ ಇಟ್ಟು, ಅದರಲ್ಲಿ ಪ್ರಶ್ನೆಯ ಜೊತೆ ಎರಡು ಇಂಡೆಕ್ಸ್, ಬ್ಯಾಚ್, ಪಾಠವಾಗಿ ಎಷ್ಟು ದಿನವಾಗಿತ್ತು, ಯಾವ ಆಯ್ಕೆಗೆ ಎಷ್ಟು ಮಂದಿ, ಎಲ್ಲವನ್ನೂ ಬರೆದಿಡುತ್ತೇನೆ.

ಕಬ್ಬಿಣದ ಕೊರತೆಗೆ ಟಿಕ್ ಹಾಕಿದ ಆ 33 ಮಂದಿಯ ಸಂಖ್ಯೆ ನನ್ನ ಪಾಠವನ್ನೂ ಬದಲಿಸಿತು. ಮುಂದಿನ ತರಗತಿಯಲ್ಲಿ ಎರಡು ರಿಪೋರ್ಟನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದೆ. ಸೀರಮ್ ಐರನ್ ಎರಡರಲ್ಲೂ ಒಂದೇ, ಬೇರೆ ಇದ್ದದ್ದು ಟಿಐಬಿಸಿ ಮತ್ತು ಫೆರಿಟಿನ್ ಮಾತ್ರ. ಯಾರಿಗೆ ಐರನ್ ಮಾತ್ರೆ ಬರೆಯುತ್ತೀರಿ, ಯಾಕೆ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದೆ.