ಒಬ್ಬ ಮಾಡಿದ ಚೀಟಿಂಗ್‌ಗೆ ಐದು ಪಿಸಿ ಬ್ಯಾನ್: ಮೇಲ್ಮನವಿ ಬರೆದು ಬಿಡಿಸಿಕೊಂಡ ನನ್ನ ಅನುಭವ

ದಾವಣಗೆರೆಯಲ್ಲಿ ನನ್ನದೊಂದು ಗೇಮಿಂಗ್ ಕೆಫೆ ಇದೆ, ಇಪ್ಪತ್ತರ ಆಸುಪಾಸು ಪಿಸಿಗಳು. ಹಾರ್ಡ್‌ವೇರ್ ಬ್ಯಾನ್ ಬಿದ್ದರೆ ಬಿಡಿಸುವುದು ಸಾಧ್ಯವೇ ಇಲ್ಲ ಎಂದು ಈ ವ್ಯವಹಾರದಲ್ಲಿರುವ ಎಲ್ಲರೂ ಹೇಳುತ್ತಿದ್ದರು. ಬಿಡಿಸಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಶನಿವಾರ ಸಂಜೆ ಕಿಟಕಿ ಪಕ್ಕದ ಸಾಲಿನ ಐದು ಪಿಸಿಗಳಲ್ಲಿ ಒಂದೇ ಶೂಟರ್ ಗೇಮಿನ ಖಾತೆಗಳು ಒಂದರ ಹಿಂದೆ ಒಂದು ಬ್ಯಾನ್ ಆದವು. ಹೊಸ ಖಾತೆ ತೆರೆದರೆ ಎರಡು ಮೂರು ಮ್ಯಾಚ್ ಆದ ಮೇಲೆ ಅದೂ ಹೋಗುತ್ತಿತ್ತು. ಹಾಗಾದರೆ ಬ್ಯಾನ್ ಆಗಿರುವುದು ಖಾತೆಯಲ್ಲ, ಯಂತ್ರ. ಗಂಟೆಗೆ ಐವತ್ತು ರೂಪಾಯಿಯ ಸೀಟುಗಳು, ಐದು ಖಾಲಿ. ದಿನಕ್ಕೆ ಎರಡು ಸಾವಿರದಷ್ಟು ಹೋಗುತ್ತಿತ್ತು.

ಇನ್ನೊಂದು ಕೆಫೆಯವರು ಫೋನ್ ಮಾಡಿ, "ಅಣ್ಣ, ಸ್ಪೂಫರ್ ಹಾಕಿಸಿಬಿಡಿ, ಪಿಸಿಗೆ ಎಂಟುನೂರರಲ್ಲಿ ಮುಗಿಯುತ್ತದೆ" ಎಂದರು. ನಾನು ಒಪ್ಪಲಿಲ್ಲ. ಹಲವು ಚೀಟ್‌ಗಳ ಹಾಗೆ ಸ್ಪೂಫರ್ ಕೂಡ ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲಿ ಡ್ರೈವರ್ ಕೂರಿಸಿ ಯಂತ್ರದ ಗುರುತು ತಿರುಚುತ್ತದೆ. ಗೇಮಿನ ಜೊತೆ ಓಡುವ ಆಂಟಿ-ಚೀಟ್ ತಂತ್ರಾಂಶ ಹುಡುಕುವುದೇ ಅಂಥದ್ದನ್ನು. ಸಿಕ್ಕಿಬಿದ್ದರೆ ಆಮೇಲೆ ನಮ್ಮ ಮೇಲ್ಮನವಿಯನ್ನು ಯಾರೂ ನಂಬುವುದಿಲ್ಲ.

ರಿಜಿಸ್ಟರ್ ತೆಗೆದೆ. ಬ್ಯಾನ್ ಬಿದ್ದ ದಿನವೇ ಚೀಟಿಂಗ್ ನಡೆದಿರಬೇಕೆಂದೇನೂ ಇಲ್ಲ. ಯಾವ ಚೀಟ್ ಸಿಕ್ಕಿತೆಂದು ಅದನ್ನು ಬರೆದವನಿಗೆ ತಿಳಿಯಬಾರದೆಂದು ಕಂಪನಿಗಳು ತಡಮಾಡಿ, ಗುಂಪಾಗಿ ಬ್ಯಾನ್ ಮಾಡುವುದು ಉಂಟು. ಹಾಗಾಗಿ ಮೂರು ವಾರ ಹಿಂದಿನವರೆಗೂ ನೋಡಿದೆ. ನಾಲ್ಕನೇ ಪಿಸಿಯಲ್ಲಿ ಕುಳಿತಿದ್ದ ಹುಡುಗನೊಬ್ಬ ಪೆನ್‌ಡ್ರೈವ್ ತಂದಿದ್ದ. ಕರೆದು ಕೇಳಿದಾಗ, ತಾನೇ ಗುರಿಯಿಡುವ ಏಮ್‌ಬಾಟ್ ಎಂಬ ಚೀಟ್ ಓಡಿಸಿದ್ದು ಒಪ್ಪಿಕೊಂಡ. ಅಲ್ಲಿಗೆ ನಾಲ್ಕನೆಯದರ ಲೆಕ್ಕ ಸಿಕ್ಕಿತು. ಉಳಿದ ನಾಲ್ಕು ಯಂತ್ರಗಳು ಏನು ಮಾಡಿದ್ದವು?

ಮೊದಲ ಅನುಮಾನ ವಿಂಡೋಸ್ ಮೇಲೆ. ಒಂದೇ ಇಮೇಜನ್ನು ಎಲ್ಲ ಪಿಸಿಗಳಿಗೂ ಕ್ಲೋನ್ ಮಾಡಿದ್ದರಿಂದ ವಿಂಡೋಸ್ ಪ್ರತಿ ಯಂತ್ರಕ್ಕೆ ಕೊಡುವ ಗುರುತು `MachineGuid` ಎಲ್ಲದರಲ್ಲೂ ಒಂದೇ. ಆದರೆ ಅದೇ ಇಮೇಜ್ ಇದ್ದ ಬ್ರ್ಯಾಂಡೆಡ್ ಮದರ್‌ಬೋರ್ಡಿನ ಪಿಸಿಗಳಿಗೆ ಏನೂ ಆಗಿರಲಿಲ್ಲ. ಐಪಿ ವಿಳಾಸವಂತೂ ಇಡೀ ಕೆಫೆಗೆ ಒಂದೇ. ಈ ಐದಕ್ಕೆ ಮಾತ್ರ ಇದ್ದ ಸಂಬಂಧವೆಂದರೆ, ಐದೂ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಟ್ಟಿಗೆ ತಂದ ಹೆಸರಿಲ್ಲದ ಚೀನಾ ಬೋರ್ಡುಗಳು. ಪವರ್‌ಶೆಲ್ ತೆರೆದು ಇದನ್ನು ಓಡಿಸಿದೆ:

```
Get-CimInstance Win32_ComputerSystemProduct | Select UUID
Get-CimInstance Win32_BaseBoard | Select SerialNumber
```

ನಾಲ್ಕನೇ ಪಿಸಿಯಲ್ಲಿ ಬಂದ ಯುಯುಐಡಿ, ಅಂದರೆ ಬೋರ್ಡಿನ ಗುರುತಿನ ಸಂಖ್ಯೆ, `03000200-0400-0500-0006-000700080009`. ಸೀರಿಯಲ್ ಸಂಖ್ಯೆಯ ಜಾಗದಲ್ಲಿ `Default string`. ಪಕ್ಕದ ಪಿಸಿಯಲ್ಲೂ ಅದೇ. ಐದರಲ್ಲೂ ಅದೇ! ಆ ಅಂಕಿಗಳ ಜೋಡಣೆ ನೋಡಿದರೇ ತಿಳಿಯುತ್ತದೆ, ಬಯಾಸ್‌ನಲ್ಲಿ ತುಂಬಬೇಕಾದ ಸಂಖ್ಯೆಯನ್ನು ತಯಾರಕರು ತುಂಬಿಯೇ ಇಲ್ಲ. ಅಗ್ಗದ ಬೋರ್ಡುಗಳಲ್ಲಿ ಲೋಕದಾದ್ಯಂತ ಕಾಣುವ ಖಾಲಿ ಗುರುತು ಅದು. ಆಂಟಿ-ಚೀಟ್ ಡ್ರೈವರ್ ಬೋರ್ಡು, ಡಿಸ್ಕು, ನೆಟ್‌ವರ್ಕ್ ಕಾರ್ಡುಗಳ ಗುರುತುಗಳನ್ನು ಓದಿ ಸರ್ವರ್‌ಗೆ ಕಳಿಸುತ್ತದೆ. ಯಾವುದಕ್ಕೆ ಎಷ್ಟು ತೂಕ ಎನ್ನುವುದು ಕಂಪನಿಯ ಗುಟ್ಟು. ಬೋರ್ಡಿನ ಗುರುತಿಗೆ ತೂಕ ಹೆಚ್ಚಾದರೆ, ಒಂದನ್ನು ಬ್ಯಾನ್ ಮಾಡಿದಾಗ ಐದೂ ಒಂದೇ ಯಂತ್ರದಂತೆ ಕಾಣುತ್ತವೆ.

ತಪ್ಪು ಬ್ಯಾನ್ ಎನ್ನುವುದು ಕಟ್ಟುಕಥೆ ಎನ್ನುವವರಿಗೆ 2023ರ ಅಕ್ಟೋಬರ್ ನೆನಪಿಸುತ್ತೇನೆ. ಎಎಂಡಿಯ ಗ್ರಾಫಿಕ್ಸ್ ಡ್ರೈವರ್‌ನಲ್ಲಿದ್ದ ಆಂಟಿ-ಲ್ಯಾಗ್ ಪ್ಲಸ್ ಸೌಲಭ್ಯ ಗೇಮಿನ ಡಿಎಲ್‌ಎಲ್ ಫಂಕ್ಷನ್‌ಗಳಿಗೇ ಕೈ ಹಾಕುತ್ತಿತ್ತು. ಚೀಟ್‌ಗಳೂ ಅದನ್ನೇ ಮಾಡುತ್ತವೆ. ಅದನ್ನು ಆನ್ ಮಾಡಿದ್ದ ಕೌಂಟರ್-ಸ್ಟ್ರೈಕ್ 2 ಆಟಗಾರರು ಬ್ಯಾನ್ ಆದರು. ಆ ಗೇಮಿನ ಕಂಪನಿ ವಾಲ್ವ್ ಬಹಿರಂಗವಾಗಿ ಎಚ್ಚರಿಸಿತು, ಎಎಂಡಿ ಆ ಸೌಲಭ್ಯವನ್ನೇ ಹಿಂತೆಗೆದುಕೊಂಡಿತು. 2010ರಲ್ಲಿ ಮಾಡರ್ನ್ ವಾರ್‌ಫೇರ್ 2 ಆಡುತ್ತಿದ್ದ ಸುಮಾರು ಹನ್ನೆರಡು ಸಾವಿರ ಜನರ ಬ್ಯಾನನ್ನು ಇದೇ ವಾಲ್ವ್ ತಪ್ಪೆಂದು ಒಪ್ಪಿ ತೆಗೆದಿತ್ತು. ಈ ಎರಡರಲ್ಲೂ ಕಾರಣ ತಾಂತ್ರಿಕ. ಆಟಗಾರನ ಕಣ್ಣೀರಿಗೆ ಬ್ಯಾನ್ ತೆರವಾಗುವುದಿಲ್ಲ, ಇಂಥ ಕಾರಣ ತೋರಿಸಿಕೊಟ್ಟರೆ ಕದಲುತ್ತದೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಫ್ಯಾನ್ ವೇಗ ಹೊಂದಿಸುವ, ಆರ್‌ಜಿಬಿ ದೀಪ ಬದಲಿಸುವ ಹಲವು ತಂತ್ರಾಂಶಗಳು `WinRing0` ಎಂಬ ಹಳೆಯ ಡ್ರೈವರ್ ಬಳಸುತ್ತವೆ. ಅದರಲ್ಲಿ ಭದ್ರತಾ ದೋಷ ಇರುವುದರಿಂದ ಚೀಟ್ ಬರೆಯುವವರಿಗೂ ಅದು ಹೆಬ್ಬಾಗಿಲು. ಒಂದು ಬ್ರ್ಯಾಂಡೆಡ್ ಪಿಸಿಯಲ್ಲಿ ಅದನ್ನು ಹಾಕಿ, ಹೊಸ ಖಾತೆಯಲ್ಲಿ ಗೇಮ್ ತೆರೆದೆ. ಗೇಮ್ ಎಚ್ಚರಿಕೆ ತೋರಿಸಿ ಮುಚ್ಚಿಕೊಂಡಿತು, ಬ್ಯಾನ್ ಆಗಲಿಲ್ಲ. ನಮ್ಮ ಐದು ಪಿಸಿಗಳಲ್ಲಿ ಅಂಥ ಎಚ್ಚರಿಕೆ ಬಂದೇ ಇರಲಿಲ್ಲವಾದ್ದರಿಂದ ಕಾರಣ ಇಂಥ ಡ್ರೈವರ್ ಅಲ್ಲ ಎಂದುಕೊಂಡೆ.

ಇನ್ನು ಮೇಲ್ಮನವಿ. ಅಷ್ಟರಲ್ಲಿ ಗ್ರಾಹಕರು ಸಿಟ್ಟಿನಲ್ಲಿ ಕಂಪನಿಯ ಸಹಾಯ ವಿಭಾಗಕ್ಕೆ ದಿನಕ್ಕೆರಡು ಟಿಕೆಟ್ ಹಾಕಿ, ಕೋರ್ಟಿಗೆ ಹೋಗುತ್ತೇವೆ ಎಂದೆಲ್ಲ ಬರೆದಿದ್ದರು. ಎಲ್ಲಕ್ಕೂ ಒಂದೇ ಸಿದ್ಧ ಉತ್ತರ ಬಂದು ಟಿಕೆಟ್ ಮುಚ್ಚಿತ್ತು. ಅವರನ್ನೆಲ್ಲ ಕೂರಿಸಿ, ಹೊಸ ಟಿಕೆಟ್ ಬೇಡ, ಹೊಸ ಖಾತೆಯೂ ಬೇಡ ಎಂದೆ. ಬ್ಯಾನ್ ಇರುವಾಗ ಹೊಸ ಖಾತೆ ತೆರೆದರೆ ತಪ್ಪಿಸಿಕೊಳ್ಳುವ ಯತ್ನವೆಂದು ಅದೂ ದಾಖಲಾಗುತ್ತದೆ. ಖಾತೆದಾರನೊಂದಿಗೆ ಮಾತ್ರ ಕಂಪನಿ ಮಾತಾಡುವುದರಿಂದ ಪ್ರತಿಯೊಬ್ಬರೂ ತಮ್ಮ ನೋಂದಾಯಿತ ಇಮೇಲ್‌ನಿಂದಲೇ, ಹಳೆಯ ಟಿಕೆಟ್‌ನಲ್ಲೇ ಉತ್ತರಿಸಬೇಕು. ಒಕ್ಕಣೆ ನಾನು ಬರೆದುಕೊಟ್ಟೆ. ಇಂಗ್ಲಿಷಿನಲ್ಲಿದ್ದ ಅದರ ಸಾರಾಂಶ ಇಷ್ಟು:

"ನಾನು ಈ ಕೆಫೆಯ ಆರನೇ ಪಿಸಿಯಲ್ಲಿ ಆಡಿದ್ದೇನೆ. ನಾಲ್ಕನೇ ಪಿಸಿಯಲ್ಲಿ ಬೇರೊಬ್ಬ ಗ್ರಾಹಕ ಚೀಟ್ ಬಳಸಿದ್ದು ನಿಜ, ಅವನ ಬ್ಯಾನ್ ತೆಗೆಯಿರಿ ಎಂದು ಕೇಳುತ್ತಿಲ್ಲ. ಎರಡೂ ಪಿಸಿಗಳ ಬೋರ್ಡಿನಲ್ಲಿ ಒಂದೇ ಖಾಲಿ ಯುಯುಐಡಿ ಇದೆ, ಡಿಸ್ಕ್ ಸೀರಿಯಲ್‌ಗಳು ಬೇರೆ ಬೇರೆ. ಎರಡರ ಚಿತ್ರವೂ ಜೊತೆಗಿದೆ. ನನ್ನ ಬ್ಯಾನ್ ಈ ಗುರುತಿನ ಹೋಲಿಕೆಯಿಂದ ಬಂದದ್ದೇ ಎಂದು ದಯವಿಟ್ಟು ಪರಿಶೀಲಿಸಿ."

ಕೆಳಗೆ ಖಾತೆ ಸಂಖ್ಯೆ, ಯುಟಿಸಿಯಲ್ಲಿ ಬ್ಯಾನ್ ಆದ ಸಮಯ, ಅವರು ಕುಳಿತಿದ್ದ ಅವಧಿಗಳು. ನಾನು ಚೀಟ್ ಮಾಡಿಲ್ಲ ಎಂದು ಹತ್ತು ಸಲ ಬರೆಯಲಿಲ್ಲ. ಅದನ್ನು ಚೀಟ್ ಮಾಡಿದವನೂ ಬರೆಯುತ್ತಾನೆ. ನಾಲ್ಕನೇ ಪಿಸಿಯ ವಿಷಯ ಮುಚ್ಚಿಡಬೇಕೆಂದು ಎಲ್ಲರೂ ಹೇಳಿದರು. ನನ್ನ ಪ್ರಕಾರ ಕೆಲಸ ಮಾಡಿದ್ದು ಅದೇ ಸಾಲು, ಏಕೆಂದರೆ ಅವರ ದಾಖಲೆಯಲ್ಲಿ ಆ ಚೀಟ್ ಹೇಗೂ ಇತ್ತು, ನಮ್ಮ ಮಾತು ಅದಕ್ಕೆ ತಾಳೆಯಾಯಿತು.

ಮೊದಲು ಬಂದದ್ದು ಮತ್ತೆ ಅದೇ ಸಿದ್ಧ ಉತ್ತರ. ವಾರ ಬಿಟ್ಟು ಎರಡೇ ಸಾಲು ಬರೆಸಿದೆವು: ಪತ್ತೆಯಾಗಿದ್ದು ಖಾತೆಯ ಮೇಲೋ ಯಂತ್ರದ ಮೇಲೋ ಎಂಬುದನ್ನಷ್ಟೇ ಆಂಟಿ-ಚೀಟ್ ತಂಡದಿಂದ ನೋಡಿಸಿ. ಆ ಎರಡು ಸಾಲಿನ ನಿಖರ ಪದಗಳನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಎಲ್ಲರೂ ನಕಲು ಮಾಡಿದರೆ ಅದಕ್ಕೂ ಸಿದ್ಧ ಉತ್ತರ ಬರುತ್ತದೆ. ಪೆನ್‌ಡ್ರೈವ್ ತರುವವರನ್ನು ಈಗ ಹೇಗೆ ಹಿಡಿಯುತ್ತೇನೆ ಎಂಬುದನ್ನೂ ಬರೆಯುವುದಿಲ್ಲ. ತಿಂಗಳು ಮುಗಿಯುವ ಹೊತ್ತಿಗೆ "ನಿರ್ಬಂಧ ತೆರವುಗೊಳಿಸಲಾಗಿದೆ" ಎಂದು ಒಬ್ಬೊಬ್ಬರಿಗೇ ಬಂತು. ಕಾರಣ ಹೇಳಲಿಲ್ಲ, ಹೇಳುವುದೂ ಇಲ್ಲ.

ಬ್ಯಾನ್ ತೆರವಾದ ಮೇಲೆಯೇ ಐದೂ ಬೋರ್ಡು ಬದಲಿಸಿದೆ, ಮೊದಲೇ ಬದಲಿಸಿದ್ದರೆ ತೋರಿಸಲು ಸಾಕ್ಷ್ಯ ಉಳಿಯುತ್ತಿರಲಿಲ್ಲ. ಇಪ್ಪತ್ತೆರಡು ಸಾವಿರದಷ್ಟು ಆಯಿತು. ಸ್ಪೂಫರ್‌ಗೆ ನಾಲ್ಕು ಸಾವಿರ ಸಾಕಾಗುತ್ತಿತ್ತು ಎಂದವರ ಕೆಫೆಯಲ್ಲಿ ಈಗ ಆ ಗೇಮ್ ತೆರೆಯುವುದೇ ಇಲ್ಲ. ನಮ್ಮಲ್ಲಿ ಒಂದು ಖಾತೆ ಮಾತ್ರ ಮರಳಲಿಲ್ಲ: ಅದನ್ನು ಹುಡುಗನೊಬ್ಬ ಬೇರೆಯವರಿಂದ ಹಣ ಕೊಟ್ಟು ಕೊಂಡಿದ್ದ, ನೋಂದಾಯಿತ ಇಮೇಲ್ ಮಾರಿದವನ ಬಳಿಯೇ ಇತ್ತು.