ಏಳೂವರೆ ಬಡ್ಡಿಯಲ್ಲಿ ನಿಜವಾಗಿ ಉಳಿದದ್ದು ಎಷ್ಟು? ನನ್ನ ಎಫ್‌ಡಿ ಲೆಕ್ಕ

ಹಣದುಬ್ಬರ ಶೇಕಡ 7ರ ಹತ್ತಿರ ಇದ್ದಾಗ ನಾನು ಐದು ವರ್ಷದ ಎಫ್‌ಡಿ ಮಾಡಿಸಿದೆ. ಬಡ್ಡಿ ಏಳೂವರೆ. ನನ್ನ ಹಾಗೆ ಲೆಕ್ಕ ಬರೆದಿಡುವ ಗೆಳೆಯರೆಲ್ಲ ಬೇಡ ಅಂದರು. ಬಡ್ಡಿಯ ಮೇಲೆ ಶೇಕಡ 20 ತೆರಿಗೆ ಹೋದರೆ ಉಳಿಯೋದು 6. ಬೆಲೆ ಏರುತ್ತಿರೋದು 7. ವರ್ಷಕ್ಕೆ ಒಂದರಷ್ಟು ಕರಗುತ್ತೆ ಅಂತ ಗೊತ್ತಿದ್ದೂ ಐದು ವರ್ಷ ಕಟ್ಟಿಹಾಕ್ತೀಯಾ ಅಂತ ಕೇಳಿದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅದು ಆ ದಿನದ ಲೆಕ್ಕ. ಬಡ್ಡಿ ಇವತ್ತೇ ನಿಗದಿಯಾಗುತ್ತೆ, ಹಣದುಬ್ಬರ ಮಾತ್ರ ಅವಧಿ ಮುಗಿದ ಮೇಲೇ ಗೊತ್ತಾಗೋದು. ಹಾಗಾಗಿ ನಿಜವಾದ ಗಳಿಕೆ ಎಷ್ಟು ಅನ್ನೋದು ಠೇವಣಿಯ ರಸೀದಿಯಲ್ಲಿ ಇರೋದೇ ಇಲ್ಲ.

ಈಗ ಹಣ ಕೈಗೆ ಬಂದಿದೆ. ತೆರಿಗೆ ಕಳೆದು ಒಂದು ಲಕ್ಷ ಸುಮಾರು 1.34 ಲಕ್ಷ ಆಯಿತು. ಮೊದಲ ವರ್ಷ ಹಣದುಬ್ಬರದ ದರ ಜೋರಾಗಿಯೇ ಕಾಣುತ್ತಿತ್ತು, ಆಮೇಲೆ ಇಳಿಯಿತು. ಐದು ವರ್ಷದ ಸರಾಸರಿ ನಾಲ್ಕೂವರೆ ಸುಮಾರು. ಅಂದರೆ ಆಗ ಒಂದು ಲಕ್ಷಕ್ಕೆ ಬರುತ್ತಿದ್ದ ಸಾಮಾನಿಗೆ ಈಗ 1.25 ಲಕ್ಷ ಬೇಕು. 1.34ನ್ನು 1.25ರಿಂದ ಭಾಗಿಸಿದರೆ 1.07. ಹಳೆಯ ಬೆಲೆಯಲ್ಲಿ ನೋಡಿದರೆ ಏಳು ಸಾವಿರ ಜಾಸ್ತಿ, ವರ್ಷಕ್ಕೆ ಒಂದೂವರೆಗಿಂತ ಸ್ವಲ್ಪ ಕಡಿಮೆ. ಸಣ್ಣ ಮೊತ್ತ ಅಂತ ಅನ್ನಿಸಬಹುದು. ಆದರೆ ಬೇಡ ಅಂದವರಲ್ಲಿ ಹೆಚ್ಚಿನವರು ವರ್ಷ ವರ್ಷ ನವೀಕರಿಸುತ್ತಾ, ಇಳಿಯುತ್ತಿದ್ದ ಬಡ್ಡಿಗೇ ಮತ್ತೆ ಮತ್ತೆ ಇಟ್ಟರು. ಈಗ ನನ್ನ ಶೀಟ್ ಕೇಳುತ್ತಿದ್ದಾರೆ.

ಹಣದುಬ್ಬರ ಇಳಿಯುತ್ತೆ ಅಂತ ನನಗೆ ಹೇಗೆ ಗೊತ್ತಾಯಿತು? ಅಧಿಕೃತ ಸೂಚ್ಯಂಕದ ಜೊತೆ ನನ್ನ ಮನೆಯದೇ ಸೂಚ್ಯಂಕ ಇಟ್ಟಿದ್ದೇನೆ. ಮೊದಲು ತಿಂಗಳ ಒಟ್ಟು ಖರ್ಚನ್ನೇ ಹಿಂದಿನ ವರ್ಷಕ್ಕೆ ಹೋಲಿಸಿದ್ದೆ. ಅದು ಕೆಲಸಕ್ಕೆ ಬರಲಿಲ್ಲ. ಖರ್ಚು ಏರಿದ್ದು ಬೆಲೆಯಿಂದಲೋ, ಜಾಸ್ತಿ ಕೊಂಡಿದ್ದರಿಂದಲೋ ತಿಳಿಯುತ್ತಿರಲಿಲ್ಲ. ಆಮೇಲೆ ಅದೇ ಸಾಮಾನು, ಅದೇ ಪ್ರಮಾಣ ಇಟ್ಟುಕೊಂಡು ಬೆಲೆ ಮಾತ್ರ ಬರೆಯತೊಡಗಿದೆ. ಪೊಟ್ಟಣದ ಬೆಲೆ ಬರೆಯಬೇಡಿ, ಗ್ರಾಂ ಲೆಕ್ಕದಲ್ಲಿ ಬರೆಯಿರಿ. ಬೆಲೆ ಹಾಗೇ ಇದ್ದು ಒಳಗಿನ ತೂಕ ಇಳಿದಿರುತ್ತೆ. ಇದನ್ನು ಬಿಟ್ಟರೆ ನಿಮ್ಮ ಸೂಚ್ಯಂಕ ಸುಮ್ನೆ ಕಡಿಮೆ ತೋರಿಸುತ್ತೆ.

ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ. ವರ್ಷದ ಹಿಂದಿನ ಬೆಲೆಗೆ ಹೋಲಿಸುವ ದರದಲ್ಲಿ ಹತ್ತು ತಿಂಗಳ ಹಿಂದಿನ ಏರಿಕೆಯೂ ಕೂತಿರುತ್ತೆ. ಬೆಲೆ ಏರೋದು ನಿಂತ ಮೇಲೂ ಅದು ತಿಂಗಳುಗಟ್ಟಲೆ 7 ಅಂತಲೇ ತೋರಿಸಬಹುದು. ನಾನು ಈ ಮೂರು ತಿಂಗಳ ಸರಾಸರಿಯನ್ನು ಹಿಂದಿನ ಮೂರು ತಿಂಗಳಿಗೆ ಹೋಲಿಸುತ್ತೇನೆ. ಎಫ್‌ಡಿ ಮಾಡಿಸಿದಾಗ ಅದು ಆಗಲೇ ಚಪ್ಪಟೆಯಾಗಿತ್ತು. ಋತುಮಾನದ ಏರಿಳಿತ ಇದನ್ನು ಕೆಡಿಸುತ್ತೆ, ಅದನ್ನು ಕಳೆಯೋಕೆ ಒಂದು ಉಪಾಯ ಮಾಡಿಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಕುತೂಹಲಕ್ಕೆ ಇನ್ನೊಂದು ಲೆಕ್ಕ ಮಾಡಿದೆ. ಬಡ್ಡಿ 7, ಹಣದುಬ್ಬರ 6 ಇರುವ ಕಾಲ ಒಂದು. ಬಡ್ಡಿ 4, ಹಣದುಬ್ಬರ 3 ಇರುವ ಕಾಲ ಇನ್ನೊಂದು. ಎರಡರಲ್ಲೂ ಅಂತರ ಒಂದೇ ಅಲ್ವಾ? ಶೇಕಡ 20 ತೆರಿಗೆ ಹಾಕಿ ನೋಡಿ. ಮೊದಲನೆಯದರಲ್ಲಿ ಕೈಗೆ ಸಿಗೋದು 5.6, ಅಂದರೆ ನಷ್ಟ. ಎರಡನೆಯದರಲ್ಲಿ 3.2, ಅಂದರೆ ಕೂದಲೆಳೆಯಷ್ಟು ಲಾಭ. ತೆರಿಗೆ ಬೀಳೋದು ಕಾಗದದ ಮೇಲಿನ ಪೂರ್ತಿ ಬಡ್ಡಿಗೆ. ಅದರಲ್ಲಿ ಬೆಲೆ ಏರಿಕೆಯನ್ನು ತುಂಬಿಕೊಡುವ ಪಾಲಿಗೂ ಬೀಳುತ್ತೆ. ಹಾಗಾಗಿ ಬಡ್ಡಿ ದೊಡ್ಡದಾಗಿ ಕಾಣುವ ಕಾಲದಲ್ಲೇ ಉಳಿತಾಯ ಜಾಸ್ತಿ ಸವೆಯಬಹುದು. ಇದನ್ನು ನೋಡಿದ ಮೇಲೆ ದರ ಇಳಿದರೆ ಗಾಬರಿಯಾಗೋದು ಬಿಟ್ಟೆ.

ಒಂದು ಎಚ್ಚರಿಕೆ. ಐದು ವರ್ಷಕ್ಕೆ ಇಟ್ಟಿದ್ದು ನನ್ನ ಉಳಿತಾಯದ ಅರ್ಧ ಮಾತ್ರ. ಹಣದುಬ್ಬರ ಇಳಿಯದೆ 9ಕ್ಕೆ ಹೋಗಿದ್ದರೆ ಆ ಅರ್ಧ ವರ್ಷಕ್ಕೆ ಸುಮಾರು 3ರಂತೆ ಸವೆಯುತ್ತಿತ್ತು. ಅವಧಿಗೆ ಮೊದಲೇ ಮುರಿಸಿದರೆ ದಂಡ ಬೇರೆ. ಮಿಕ್ಕ ಅರ್ಧವನ್ನು ಒಂದು ವರ್ಷದ ಅವಧಿಯಲ್ಲಿ ಇಟ್ಟಿದ್ದು ಅದಕ್ಕೇ.

ಈಗ ನನ್ನ ಮೂರು ತಿಂಗಳ ಸಂಖ್ಯೆ ಮತ್ತೆ ಮೇಲೆ ಮುಖ ಮಾಡಿದೆ. ಬ್ಯಾಂಕಿನವರು ಐದು ವರ್ಷಕ್ಕೆ ಒಳ್ಳೆಯ ದರ ಇದೆ ಅಂತ ಹೇಳುತ್ತಿದ್ದಾರೆ. ಬಂದ ಹಣವನ್ನು ಈ ಸಲ ಒಂದೇ ವರ್ಷಕ್ಕೆ ಇಟ್ಟಿದ್ದೇನೆ.